ಶಿಬಿರದಲ್ಲಿ ಕರಗಿದ ಮೈ, ಅಜ್ಜಿ ಹೇಳಿದ ಬಯಲು: ಎರಡೂ ಒಂದೇನಾ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯವನು, ಬೆಂಗಳೂರಲ್ಲಿ ಕೆಲಸ. ಮನೇಲಿ ಇಷ್ಟಲಿಂಗ ಪೂಜೆ ಇದೆ, ಚಿಕ್ಕವನಿದ್ದಾಗಿಂದ ಅಜ್ಜಿ ಜೊತೆ ಕೂತು ಮಾಡಿದೀನಿ. ಹೋದ ವರ್ಷ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿದ್ದೆ. ಎಂಟನೇ ದಿನ ಕೂತಿದ್ದಾಗ ಮೈ ಅನ್ನೋದೇ ಕರಗಿಹೋಯ್ತು, ಬರೀ ಸಣ್ಣ ಕಂಪನ, ಒಳಗೆ ಹೊರಗೆ ಅನ್ನೋ ಗೆರೆನೇ ಇಲ್ಲ. ಅಲ್ಲಿ ಕೇಳಿದ್ರೆ "ಅದೂ ಅನಿತ್ಯ, ಅಂಟ್ಕೋಬೇಡಿ" ಅಂದ್ರು. ಊರಿಗೆ ಬಂದು ಅಜ್ಜಿಗೆ ಹೇಳಿದ್ರೆ "ಅದಽ ನೋಡಪಾ ಬಯಲು ಅಂದ್ರ" ಅಂದ್ಲು. ಆಮೇಲೆ ಓದೋಕೆ ಶುರು ಮಾಡಿದೆ. ಹಕ್ಸ್‌ಲಿ ಎಲ್ಲಾ ಒಂದೇ ಅಂತಾರೆ, ಕಾಟ್ಸ್ ಅನ್ನೋರು ಅಂಥ ಶುದ್ಧ ಅನುಭವ ಅನ್ನೋದೇ ಇಲ್ಲ ಅಂತಾರೆ. ಕಾಟ್ಸ್ ಸರಿ ಅಂದ್ರೆ ನನಗಾಗಿದ್ದು ಬರೀ ಕಂಡೀಷನಿಂಗಾ? ಹಕ್ಸ್‌ಲಿ ಸರಿ ಅಂದ್ರೆ ಲಿಂಗ ಯಾಕೆ, ಶಿಬಿರ ಯಾಕೆ? ಇನ್ನೊಂದು ಶಿಬಿರಕ್ಕೆ ಹೋಗ್ಲಾ ಬೇಡ್ವಾ ಅಂತಾನೂ ಗೊತ್ತಾಗ್ತಿಲ್ಲ.

ಉತ್ತರ:

ಮೊದಲು ಆ "ಬರೀ ಕಂಡೀಷನಿಂಗಾ" ಅನ್ನೋ ಭಯ ತೆಗೀತೀನಿ, ಯಾಕಂದ್ರೆ ಧರ್ಮಗಳ ತತ್ವಶಾಸ್ತ್ರ ಪಾಠ ಮಾಡುವಾಗ ಕಾಟ್ಸ್ ಹೆಸರು ಬಂದ ತಕ್ಷಣ ಕ್ಲಾಸಲ್ಲಿ ಯಾರಾದ್ರೂ ಒಬ್ಬರು ಇದನ್ನೇ ಕೇಳ್ತಾರೆ. ಸ್ಟೀವನ್ ಕಾಟ್ಸ್ 1978ರಲ್ಲಿ ಒಂದು ಉದ್ದನೆ ಲೇಖನ ಬರೆದ್ರು, ಇಡೀ ಚರ್ಚೆ ತಿರುಗಿದ್ದೇ ಅಲ್ಲಿಂದ. ಅದರಲ್ಲಿ ಅನುಭಾವಿಗಳ ಅನುಭವ ಸುಳ್ಳು ಅಂತ ಎಲ್ಲೂ ಹೇಳಿಲ್ಲ. ಯಾವ ಅನುಭವವೂ ನಮ್ಮ ಭಾಷೆ, ನಂಬಿಕೆ, ಅಭ್ಯಾಸ ಇವುಗಳನ್ನ ದಾಟಿಕೊಂಡು ನೇರವಾಗಿ ಬರಲ್ಲ, ಅನುಭಾವಕ್ಕೂ ಅದರಿಂದ ವಿನಾಯ್ತಿ ಇಲ್ಲ, ಇಷ್ಟೇ ಅವರು ಹೇಳಿದ್ದು. ನಿಮ್ಮ ಕಡೆಯವರಿಗೆ ಇದನ್ನ ಸಂಗೀತದಿಂದ ಹೇಳೋದು ಸುಲಭ. ಹತ್ತು ವರ್ಷ ತಾಲೀಮು ಮಾಡಿದವರು ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯಲ್ಲಿ ಎರಡು ರಾಗ ಒಂದರೊಳಗೊಂದು ಹೋಗೋದನ್ನ ಕೇಳ್ತಾರೆ, ತಾಲೀಮು ಇಲ್ಲದವರಿಗೆ ಅದು ಕೇಳಿಸೋದೇ ಇಲ್ಲ. ತಾಲೀಮಿನಿಂದ ಕೇಳಿಸ್ತು ಅಂದಮಾತ್ರಕ್ಕೆ ರಾಗ ಸುಳ್ಳಾಗಲ್ಲ. ಹಾಗೇ ಸಂಸ್ಕಾರದಿಂದ ಅನುಭವ ರೂಪುಗೊಂಡಿದೆ ಅನ್ನೋದು ಒಂದು ಮಾತು, ಆ ಅನುಭವ ನಿಜಾನಾ ಅಲ್ವಾ ಅನ್ನೋದು ಬೇರೇನೇ ಮಾತು, ಇವೆರಡನ್ನ ಗಂಟು ಹಾಕ್ಕೊಂಡ್ರೆ ಸುಮ್ಮನೆ ಹೆದರಿಕೆ.

ಇನ್ನೊಂದು ನಂಬಿಕೆನೂ ಇಲ್ಲೇ ಸರಿ ಮಾಡ್ಕೊಳ್ಳೋಣ. "ಎಲ್ಲಾ ಒಂದೇ ಅಂತ ನಮ್ಮ ಋಷಿಗಳು ಆಗಲೇ ಹೇಳಿದಾರಲ್ಲ, ಏಕಂ ಸತ್ ವಿಪ್ರಾ ಬಹುಧಾ ವದಂತಿ" ಅಂತ ಎಲ್ಲರ ಬಾಯಲ್ಲೂ ಬರುತ್ತೆ. ಆ ಸಾಲು ಇರೋದು ಋಗ್ವೇದದ ಮೊದಲನೇ ಮಂಡಲದ 164ನೇ ಸೂಕ್ತದಲ್ಲಿ, ಅಲ್ಲಿ ಮಾತು ನಡೀತಿರೋದು ಇಂದ್ರ, ಮಿತ್ರ, ವರುಣ, ಅಗ್ನಿ ಈ ದೇವತೆಗಳ ಹೆಸರಿನ ಬಗ್ಗೆ, ಧ್ಯಾನದಲ್ಲಿ ಆಗೋ ಅನುಭವದ ಬಗ್ಗೆ ಅಲ್ಲ. ಆಮೇಲಿನ ನಮ್ಮ ದರ್ಶನಕಾರರಂತೂ ಒಬ್ಬರ ಜೊತೆ ಒಬ್ಬರು ಬಿಗಿಯಾಗಿ ವಾದ ಮಾಡಿದವರು. ಶಂಕರರು ಬೌದ್ಧರನ್ನ ಖಂಡಿಸ್ತಾರೆ, ರಾಮಾನುಜರು ಶಂಕರರನ್ನ, ಉಡುಪಿಯ ಮಧ್ವಾಚಾರ್ಯರಂತೂ ಮುಕ್ತಿಯಲ್ಲೂ ಜೀವ ಜೀವವೇ, ಈಶ್ವರ ಈಶ್ವರನೇ, ಭೇದ ಹೋಗಲ್ಲ ಅಂತಾರೆ. ಇವರೆಲ್ಲಾ ಒಳಗೊಳಗೆ ಒಂದನ್ನೇ ಹೇಳ್ತಿದ್ರು ಅನ್ನೋಕೆ ಮುಂಚೆ ಇವರ ಮಾತು ಪೂರ್ತಿ ಕೇಳಬೇಕಾಗುತ್ತೆ.

"ಎಲ್ಲಾ ಅನುಭಾವದ ತಿರುಳು ಒಂದೇ" ಅನ್ನೋ ಪೆರೆನಿಯಲಿಸಂ ಈಗಿನ ರೂಪದಲ್ಲಿ ಜನಪ್ರಿಯ ಆಗಿದ್ದು ಆಲ್ಡಸ್ ಹಕ್ಸ್‌ಲಿಯ 1945ರ ಪುಸ್ತಕದಿಂದ. ನಮ್ಮ ಹತ್ತಿರದಲ್ಲೇ ಇದನ್ನ ಮನಸಾರೆ ನಂಬಿದ್ದ ದೊಡ್ಡ ವಿದ್ವಾಂಸರು ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ, ಅಲಹಾಬಾದಲ್ಲಿ ಫಿಲಾಸಫಿ ಪ್ರೊಫೆಸರ್ ಆಗಿದ್ದು ಕೊನೆಗೆ ನಿಂಬಾಳದ ಆಶ್ರಮದಲ್ಲಿ ನೆಲೆಸಿದವರು, ದೇಶ ಕಾಲ ಬೇರೆಯಾದ್ರೂ ಅನುಭಾವಿಗಳೆಲ್ಲ ಒಂದೇ ಮನೆತನದವರು ಅನ್ನೋದು ಅವರ ನಿಲುವು. ಆದ್ರೆ ವಾದವಾಗಿ ಗಟ್ಟಿಯಾಗಿ ಕಟ್ಟಿದ್ದು ಯಾರು ಅಂದ್ರೆ ಡಬ್ಲ್ಯು. ಟಿ. ಸ್ಟೇಸ್, 1960ರಲ್ಲಿ. ನೀವು ಹಕ್ಸ್‌ಲಿ ಓದೋದಕ್ಕಿಂತ ಸ್ಟೇಸ್ ಓದಿದ್ರೆ ಎಲ್ಲಿ ಬಲ ಇದೆ ಎಲ್ಲಿ ಬಿರುಕು ಇದೆ ಅಂತ ಬೇಗ ಕಾಣುತ್ತೆ.

ಸ್ಟೇಸ್ ಹೇಳೋದು ಹೀಗೆ. ಅನುಭವ ಬೇರೆ, ಅದಕ್ಕೆ ಕೊಡೋ ವ್ಯಾಖ್ಯಾನ ಬೇರೆ. ಅನುಭವದ ತಿರುಳು ಎಲ್ಲಾ ಕಡೆ ಒಂದೇ, ಅದು ನಾನಾತ್ವ ಇಲ್ಲದ, ದೇಶ ಕಾಲ ಇಲ್ಲದ ಏಕತೆ. ಅದನ್ನ ಹಿಂದೂ ಬ್ರಹ್ಮ ಅಂತಾನೆ, ಕ್ರಿಶ್ಚಿಯನ್ ದೇವರ ಜೊತೆ ಒಂದಾದೆ ಅಂತಾನೆ, ಇದೆಲ್ಲ ಮೇಲೆ ಹಚ್ಚಿದ ವ್ಯಾಖ್ಯಾನ. ಕೇಳೋಕೆ ತುಂಬಾ ಸಮಂಜಸ ಅನ್ಸುತ್ತೆ. ಪ್ರಶ್ನೆ ಬರೋದು ಎಲ್ಲಿ ಅಂದ್ರೆ, ಒಂದು ಬರಹ ಕೈಲಿ ಹಿಡಿದು ಯಾವ ಸಾಲು ಅನುಭವ, ಯಾವ ಸಾಲು ವ್ಯಾಖ್ಯಾನ ಅಂತ ಯಾರು, ಯಾವ ಆಧಾರದ ಮೇಲೆ ತೀರ್ಮಾನ ಮಾಡೋದು?

ಒಂದು ಉದಾಹರಣೆ ತಗೊಂಡು ನಿಧಾನವಾಗಿ ನೋಡೋಣ. ಸ್ಪೇನ್ ದೇಶದ ಆವಿಲಾದ ತೆರೇಸಾ ಅನ್ನೋ ಸನ್ಯಾಸಿನಿ 1577ರಲ್ಲಿ ತಮ್ಮ ಮಠದ ಸೋದರಿಯರಿಗೋಸ್ಕರ ಒಂದು ಪುಸ್ತಕ ಬರೀತಾರೆ. ಆತ್ಮ ಅನ್ನೋದು ಏಳು ನಿವಾಸಗಳಿರೋ ಕೋಟೆ, ಒಂದೊಂದೇ ನಿವಾಸ ದಾಟಿಕೊಂಡು ಒಳಗೆ ಹೋಗಬೇಕು, ಏಳನೇದರಲ್ಲಿ ರಾಜ, ಅಂದ್ರೆ ದೇವರು, ಇದಾನೆ. ಆರನೇ ನಿವಾಸದ್ದು ನಿಶ್ಚಿತಾರ್ಥ, ಏಳನೇದು ಮದುವೆ. ಈ ಎರಡಕ್ಕೆ ವ್ಯತ್ಯಾಸ ಹೇಳೋಕೆ ಅವರು ಕೊಡೋ ಚಿತ್ರ ಇದು: ನಿಶ್ಚಿತಾರ್ಥ ಅಂದ್ರೆ ಎರಡು ಮೇಣದ ಬತ್ತಿ ತುದಿ ಸೇರಿಸಿದ ಹಾಗೆ, ಉರಿ ಒಂದೇ ಆದ್ರೂ ಬತ್ತಿ ಮತ್ತೆ ಬೇರೆ ಮಾಡಬಹುದು. ಮದುವೆ ಅಂದ್ರೆ ಆಕಾಶದ ಮಳೆ ನದಿಗೆ ಬಿದ್ದ ಹಾಗೆ, ಯಾವುದು ಮಳೆ ನೀರು ಯಾವುದು ಹೊಳೆ ನೀರು ಅಂತ ಯಾರೂ ಬೇರೆ ಮಾಡೋಕಾಗಲ್ಲ.

ಈಗ ಮುಂಡಕೋಪನಿಷತ್ತಿನ ಮೂರನೇ ಮುಂಡಕ ನೋಡಿ. ಹರಿಯೋ ನದಿಗಳು ಹೆಸರು ರೂಪ ಎರಡನ್ನೂ ಬಿಟ್ಟು ಸಮುದ್ರದಲ್ಲಿ ಅಸ್ತವಾಗೋ ಹಾಗೆ, ತಿಳಿದವನು ನಾಮರೂಪದಿಂದ ಬಿಡುಗಡೆಯಾಗಿ ಪರಾತ್ಪರನಾದ ಪುರುಷನನ್ನ ಸೇರ್ತಾನೆ. ಕ್ಲಾಸಲ್ಲಿ ಈ ಎರಡು ತುಣುಕನ್ನ ಹೆಸರು ತೆಗೆದು ಕೊಟ್ರೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಪರಂಪರೆ ಅಂತಾರೆ. ಆಮೇಲೆ ಹಿಂದಿನ ಮುಂದಿನ ಪುಟಾನೂ ಕೊಡ್ತೀನಿ, ಆಗ ಅದೇ ಹುಡುಗರು ತಲೆ ಕೆರ್ಕೊಳ್ತಾರೆ.

ಯಾಕಂದ್ರೆ ತೆರೇಸಾ ಅದೇ ಏಳನೇ ನಿವಾಸದ ಬಾಗಿಲಲ್ಲಿ ಏನು ನೋಡ್ತಾರೆ? ತಂದೆ, ಮಗ, ಪವಿತ್ರಾತ್ಮ, ಮೂವರು, ಮೂವರೂ ಬೇರೆ ಬೇರೆ, ಆದ್ರೂ ಒಂದೇ ದೇವರು. ಅದು ಆಮೇಲೆ ಯೋಚಿಸಿ ಹೇಳಿದ್ದಲ್ಲ, ಅಲ್ಲೇ ಕಾಣ್ತು ಅಂತ ಬರೀತಾರೆ. ಮತ್ತೆ ಈ ಮದುವೆ ಯಾತಕ್ಕೆ ಅಂತಂದ್ರೆ ಕೆಲಸಕ್ಕೆ, ಅದರಿಂದ ಒಳ್ಳೇ ಕೆಲಸಗಳು ಹುಟ್ಟಬೇಕು ಅಂತಾರೆ. ಹೆಂಡತಿ ಹೆಂಡತಿಯಾಗೇ ಉಳಿದು ಗಂಡನ ಕೆಲಸಾನ ತನ್ನದು ಅಂತ ಹೊತ್ಕೊಳ್ಳೋ ಪ್ರೇಮ ಅದು. ಮುಂಡಕದಲ್ಲಿ ಅದರ ಮರು ಮಂತ್ರಾನೇ "ಬ್ರಹ್ಮವನ್ನ ತಿಳಿದವನು ಬ್ರಹ್ಮವೇ ಆಗ್ತಾನೆ" ಅನ್ನುತ್ತೆ, ಅಲ್ಲಿ ಮದುವೆ ಇಲ್ಲ, ಗಂಡ ಇಲ್ಲ, ಕಾಣಿಸಿದ ಮೂವರು ಇಲ್ಲ.

ಸ್ಟೇಸ್ ಇಂಥ ಕಡೆ ಏನು ಮಾಡ್ತಾರೆ ಅಂದ್ರೆ, ಬೇರೆ ಮಾಡೋಕಾಗದ ಐಕ್ಯ ಅನ್ನೋ ಥರದ ಮಾತನ್ನ ಅನುಭವದ ಪಟ್ಟಿಗೆ ಹಾಕ್ತಾರೆ, ದೇವರು ಬೇರೆ ನಾನು ಬೇರೆ ಅನ್ನೋ ಥರದ ಮಾತನ್ನ ವ್ಯಾಖ್ಯಾನದ ಪಟ್ಟಿಗೆ ಹಾಕ್ತಾರೆ. ಕ್ರಿಶ್ಚಿಯನ್ ಅನುಭಾವಿಗಳು ಹಾಗೆ ದ್ವೈತ ಉಳಿಸ್ಕೊಂಡಿದ್ದಕ್ಕೆ ಚರ್ಚಿನ ಒತ್ತಡಾನೂ ಕಾರಣ ಅಂತಾರೆ. ಒತ್ತಡ ಇತ್ತು, ಅದು ಸುಳ್ಳಲ್ಲ. ಜರ್ಮನಿಯ ಕ್ರಿಶ್ಚಿಯನ್ ಅನುಭಾವಿ ಎಕ್‌ಹಾರ್ಟ್ ತೀರಿಕೊಂಡ ಮೇಲೆ 1329ರಲ್ಲಿ ಪೋಪ್ ಅವರ 28 ಮಾತುಗಳನ್ನ ತಪ್ಪು ಅಥವಾ ಅನುಮಾನಾಸ್ಪದ ಅಂತ ಪಟ್ಟಿ ಮಾಡಿ ಖಂಡಿಸಿದ್ರು, ಬಾಗ್ದಾದಲ್ಲಿ ಸೂಫಿ ಹಲ್ಲಾಜ್‌ಗೆ 922ರಲ್ಲಿ ಮರಣದಂಡನೆ ಆಯ್ತು. ಆದ್ರೆ ಒತ್ತಡ ಇತ್ತು ಅನ್ನೋದ್ರಿಂದ ತೆರೇಸಾ ಕಂಡಿದ್ದು ಅದ್ವೈತ, ಬರೆದಿದ್ದು ಮಾತ್ರ ದ್ವೈತ ಅಂತ ಸಾಬೀತಾಗಲ್ಲ. ಅದನ್ನೇ ತಿರುಗಿಸಿ ಒಬ್ಬ ಮಾಧ್ವರು "ಪ್ರೇಮದ ಭೇದವೇ ಅನುಭವ, ಒಂದಾದೆ ಅನ್ನೋದು ಆ ಕ್ಷಣದ ಉತ್ಸಾಹದ ವ್ಯಾಖ್ಯಾನ" ಅಂದ್ರೆ ಸ್ಟೇಸ್ ಹತ್ರ ಉತ್ತರ ಇಲ್ಲ. ಯಾವುದನ್ನ ಸಿಪ್ಪೆ ಅಂತ ಬಿಸಾಕಬೇಕು ಅನ್ನೋದು ಓದೋದಕ್ಕೆ ಮುಂಚೆನೇ ತೀರ್ಮಾನ ಆಗಿಬಿಟ್ಟಿರುತ್ತೆ, ಅದಕ್ಕೇ ಈ ಪಕ್ಷದಲ್ಲಿ ಯಾವಾಗ್ಲೂ ಅದ್ವೈತ ಮೇಲಿನ ಮೆಟ್ಟಲು, ಭಕ್ತಿ ಕೆಳಗಿನ ಮೆಟ್ಟಲು ಆಗುತ್ತೆ. ನನಗೆ ಇದು ಸರಿ ಕಾಣಲ್ಲ, ಭಕ್ತರಿಗೆ ಇದು ಅನ್ಯಾಯ ಅಂತಾನೇ ನಾನು ತಿಳಿದಿರೋದು.

ಹಾಗಾದ್ರೆ ವಿಜ್ಞಾನಿಗಳು ಅಳೆದು ತೋರಿಸಿದಾರಲ್ಲ ಅಂತ ನೀವು ಕೇಳಬಹುದು, ಅಣಬೆಯಿಂದ ಬರೋ ಸೈಲೋಸಿಬಿನ್ ಪ್ರಯೋಗಗಳ ಬಗ್ಗೆ ಈಗ ತುಂಬಾ ವಿಡಿಯೋ ಓಡಾಡ್ತಿವೆ. 1962ರ ಗುಡ್ ಫ್ರೈಡೇ ದಿನ ಬೋಸ್ಟನ್ನಿನ ಮಾರ್ಶ್ ಚಾಪೆಲ್ಲಿನಲ್ಲಿ ವಾಲ್ಟರ್ ಪಾಂಕೆ 20 ಜನ ದೇವತಾಶಾಸ್ತ್ರದ ವಿದ್ಯಾರ್ಥಿಗಳನ್ನ ಇಟ್ಕೊಂಡು ಮಾಡಿದ ಪ್ರಯೋಗ, 2006ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಾಡಿದ್ದು, ಇವೆಲ್ಲ ಗಂಭೀರವಾದ ಕೆಲಸಗಳೇ. ಆದ್ರೆ ಅಲ್ಲಿ ಬಳಸಿದ ಪ್ರಶ್ನಾವಳಿ ಎಲ್ಲಿಂದ ಬಂತು ನೋಡಿ. ಪಾಂಕೆ ತಮ್ಮ ಲಕ್ಷಣಗಳ ಪಟ್ಟಿ ಕಟ್ಟಿದ್ದು ಬಹುಪಾಲು ಸ್ಟೇಸ್ ಹೇಳಿದ್ದರ ಮೇಲೆ. ರಾಲ್ಫ್ ಹುಡ್ 1975ರಲ್ಲಿ ಮಾಡಿದ 32 ಪ್ರಶ್ನೆಗಳ ಅಳತೆಪಟ್ಟಿ, ಇವತ್ತಿಗೂ ಬಳಕೆಯಲ್ಲಿದೆ, ಅದೂ ಸ್ಟೇಸ್ ಆಧಾರದ ಮೇಲೇನೇ. ಏಕತೆ ಅನಿಸ್ತಾ, ಕಾಲ ನಿಂತಂಗಾಯ್ತಾ, ಮಾತಿಗೆ ಸಿಗದ್ದು ಅನಿಸ್ತಾ ಅಂತ ಕೇಳಿದ್ರೆ ಎಲ್ಲಾ ಧರ್ಮದವರೂ ಹೌದು ಅನ್ನಬಹುದು. ತಂದೆ, ಮಗ, ಪವಿತ್ರಾತ್ಮ ಅಂತ ಮೂವರಾಗಿ ದೇವರು ಕಂಡ್ರಾ, ಎಲ್ಲವೂ ಅನಿತ್ಯ ಅಂತ ಕಾಣ್ತಾ, ಗುರುವಿನ ಕೃಪೆ ಅನಿಸ್ತಾ ಅಂತ ಅದರಲ್ಲಿ ಕೇಳೇ ಇಲ್ಲ. ಕೇಳದೇ ಇದ್ದ ವ್ಯತ್ಯಾಸ ಉತ್ತರದಲ್ಲಿ ಬರಲ್ಲ. ಇಷ್ಟಾದ್ರೂ ಒಂದು ವಿಷಯ ಇದರಿಂದ ಗೊತ್ತಾಗುತ್ತೆ, ಬೇರೆ ಬೇರೆ ಜನರ ಅನುಭವದಲ್ಲಿ ಕೆಲವು ಸಮಾನ ಗುಣಗಳಿವೆ. ಅಷ್ಟು ಮಾತ್ರ.

ಈಗ ಕಾಟ್ಸ್ ಕಡೆಗೂ ಅಷ್ಟೇ ಗಟ್ಟಿಯಾಗಿ ನೋಡ್ಬೇಕು. ಅವರ ಬಲವಾದ ಉದಾಹರಣೆ ಯಹೂದಿ ಅನುಭಾವಿಗಳದ್ದು. ಅವರಲ್ಲಿ ಗುರಿ ದೇವೇಕುತ್, ಅಂದ್ರೆ ದೇವರಿಗೆ ಅಂಟಿಕೊಂಡಿರೋದು, ಕರಗಿಹೋಗೋದಲ್ಲ. ಹುಟ್ಟಿದಾಗಿಂದ ಸೃಷ್ಟಿಕರ್ತ ಬೇರೆ ಸೃಷ್ಟಿ ಬೇರೆ ಅಂತ ಕಲಿತು, ಅದೇ ಪ್ರಾರ್ಥನೆ ಅದೇ ನಿಯಮ ಪಾಲಿಸಿ ಬಂದವರಿಗೆ ಆಗೋ ಅನುಭವಾನೂ ಅಂಟಿಕೊಳ್ಳೋ ಥರದ್ದೇ ಆಗುತ್ತೆ. ಆತ್ಮ ಅನ್ನೋದೇ ಇಲ್ಲ ಅಂತ ಕಲಿತು ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗೆ ಹಾಗಾಗಲ್ಲ. ಇಲ್ಲಿವರೆಗೆ ನಾನು ಒಪ್ತೀನಿ. ಆದ್ರೆ "ಯಾವ ಶುದ್ಧ ಅನುಭವವೂ ಇಲ್ಲವೇ ಇಲ್ಲ" ಅಂತ ಅವರು ಶುರುವಿನಲ್ಲೇ ಹೇಳಿಬಿಡ್ತಾರೆ. ಅದು ಬರಹಗಳನ್ನ ಪರೀಕ್ಷೆ ಮಾಡಿ ಕಂಡುಕೊಂಡ ಫಲಿತಾಂಶ ಅಲ್ಲ, ಮೊದಲೇ ಇಟ್ಕೊಂಡ ಊಹೆ. ಸ್ಟೇಸ್ ಮೊದಲೇ ತೀರ್ಮಾನ ಮಾಡಿದ್ರು ಅಂತ ಆಕ್ಷೇಪಿಸೋರು ಇದನ್ನೂ ಆಕ್ಷೇಪಿಸಬೇಕು.

ಇದಕ್ಕೆ ಎದುರಾಗಿ ರಾಬರ್ಟ್ ಫೋರ್ಮನ್ ಮತ್ತವರ ಜೊತೆಗಾರರು 1990ರಲ್ಲಿ ಒಂದು ಲೇಖನ ಸಂಗ್ರಹ ತಂದ್ರು. ಧ್ಯಾನ ಅಂದ್ರೆ ಹೊಸದೇನೋ ಕಟ್ಟೋದಲ್ಲ, ಕಲಿತಿದ್ದನ್ನ ಒಂದೊಂದಾಗಿ ಕೆಳಗಿಡೋದು, ಶಬ್ದ ಹೋಗುತ್ತೆ, ಚಿತ್ರ ಹೋಗುತ್ತೆ, ಯೋಚನೆ ಹೋಗುತ್ತೆ, ಕೊನೆಗೆ ಎಚ್ಚರ ಮಾತ್ರ ಉಳಿಯುತ್ತೆ, ಯಾವುದರ ಬಗ್ಗೆಯೂ ಅಲ್ಲದ ಎಚ್ಚರ. ಅಲ್ಲಿ ವಿಷಯಾನೇ ಇಲ್ಲ ಅಂದಮೇಲೆ ಸಂಸ್ಕೃತಿ ರೂಪಿಸೋದು ಏನನ್ನ, ಅದು ಎಲ್ಲರಿಗೂ ಒಂದೇ ಇರ್ಬೇಕಲ್ಲ ಅಂತ ಅವರ ವಾದ. ಒಳ್ಳೇ ವಾದ. ಇದರಲ್ಲಿರೋ ತೊಡಕು ನಮ್ಮವರಿಗೆ ಹಳೇ ಪರಿಚಯ. ಗಾಢನಿದ್ರೆಯಿಂದ ಎದ್ದವನು "ಸುಖವಾಗಿ ಮಲಗಿದ್ದೆ, ಏನೂ ತಿಳೀಲಿಲ್ಲ" ಅಂತಾನೆ. ಆಗ ಎಚ್ಚರ ಇತ್ತು, ಈಗ ಅದರ ನೆನಪು ಹೇಳ್ತಿದಾನೆ ಅಂತಾರೆ ಅದ್ವೈತಿಗಳು. ಅಲ್ಲ, ಎದ್ದಮೇಲೆ ನಡುವೆ ಏನೂ ನೆನಪಿಲ್ಲ ಅನ್ನೋದರಿಂದ ಊಹೆ ಮಾಡಿ ಹೇಳ್ತಿದಾನೆ ಅಂತಾರೆ ನ್ಯಾಯ ದರ್ಶನದ ನೈಯಾಯಿಕರು. ಧ್ಯಾನದಿಂದ ಎದ್ದು "ಅಲ್ಲಿ ಶುದ್ಧ ಎಚ್ಚರ ಇತ್ತು" ಅನ್ನೋರ ಮಾತಿಗೂ ಇದೇ ಪ್ರಶ್ನೆ ಬರುತ್ತೆ, ಮತ್ತೆ ಇದನ್ನ ಹೊರಗಿಂದ ಯಾರೂ ಬಗೆಹರಿಸೋಕಾಗಿಲ್ಲ.

ಆದ್ರೆ ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಬೇರೆ. ಫೋರ್ಮನ್ ಹೇಳೋ ಅಂಥ ಸ್ಥಿತಿ ಇದೆ, ಅದು ಎಲ್ಲಾ ಕಡೆ ಒಂದೇ ಅಂತಲೇ ಇಟ್ಕೊಳ್ಳೋಣ. ಆ ಪರಂಪರೆಗಳು ಅದನ್ನ ಗುರಿ ಅಂತ ಒಪ್ತಾವಾ? ಪಾಲಿ ಸುತ್ತಗಳಲ್ಲಿ ಬುದ್ಧ ತನ್ನ ಕಥೆ ತಾನೇ ಹೇಳ್ತಾನೆ. ಮೊದಲು ಆಳಾರ ಕಾಲಾಮನ ಹತ್ರ "ಏನೂ ಇಲ್ಲ" ಅನ್ನೋ ನೆಲೆ ತಲುಪಿದ, ಆಮೇಲೆ ಉದ್ದಕ ರಾಮಪುತ್ತನ ಹತ್ರ ಗ್ರಹಿಕೆ ಇದೆ ಅನ್ನೋಕೂ ಆಗದ ಇಲ್ಲ ಅನ್ನೋಕೂ ಆಗದ ನೆಲೆ ತಲುಪಿದ. ಇಬ್ಬರೂ ಇಲ್ಲೇ ಇದ್ದು ಪಾಠ ಹೇಳು ಅಂದ್ರು. ಎರಡೂ ಬಿಟ್ಟು ಹೊರಟ, ಇದರಿಂದ ನಿಬ್ಬಾಣ ಬರಲ್ಲ ಅಂತ. ಶಂಕರರು ಬ್ರಹ್ಮಸೂತ್ರ ಭಾಷ್ಯದ ಎರಡನೇ ಅಧ್ಯಾಯದ ಶುರುವಿನಲ್ಲಿ ಹೇಳೋದೂ ಗಮನಿಸಿ: ಸುಷುಪ್ತಿಯಲ್ಲಿ, ಸಮಾಧಿಯಲ್ಲಿ ಭೇದ ಹೋಗುತ್ತೆ ನಿಜ, ಆದ್ರೆ ಮಿಥ್ಯಾಜ್ಞಾನ ಹೋಗಿಲ್ಲ, ಹಾಗಾಗಿ ಎದ್ದಮೇಲೆ ಮುಂಚಿನ ಹಾಗೇ ಭೇದ ಮತ್ತೆ ಬರುತ್ತೆ. ಸಮಾಧಿಯನ್ನ ನಿದ್ದೆಯ ಪಕ್ಕ ಇಟ್ಟು ಮಾತಾಡ್ತಾರೆ! ಅವರಿಗೆ ಬಿಡುಗಡೆ ಅನ್ನೋದು ಉಪನಿಷದ್ವಾಕ್ಯದಿಂದ ಬರೋ ಜ್ಞಾನ, ಒಂದು ಗಂಟೆ ಕೂತಾಗ ಆಗೋ ಘಟನೆ ಅಲ್ಲ. ಅಂದ್ರೆ ಸ್ಟೇಸ್ ಪಕ್ಷದವರ ಚರ್ಚೆಯೂ ಕಾಟ್ಸ್ ಪಕ್ಷದವರ ಚರ್ಚೆಯೂ "ಆ ಕ್ಷಣದಲ್ಲಿ ಏನಾಯ್ತು" ಅನ್ನೋದರ ಸುತ್ತಾನೇ ಸುತ್ತುತ್ತೆ, ಪರಂಪರೆಗಳಿಗೆ ಮಾತ್ರ ಆ ಕ್ಷಣ ಅಷ್ಟು ದೊಡ್ಡದಲ್ಲ.

ಇದನ್ನ ಇಟ್ಕೊಂಡು ನಿಮ್ಮ ಎಂಟನೇ ದಿನಕ್ಕೆ ಬರೋಣ. ಮೊದಲ ಮೂರು ದಿನ ಬರೀ ಉಸಿರು, ನಾಲ್ಕನೇ ದಿನದಿಂದ ತಲೆಯಿಂದ ಪಾದದವರೆಗೆ ಸಂವೇದನೆ ನೋಡೋದು, ಅಲ್ಲಿಂದಲೇ ದಿನಕ್ಕೆ ಮೂರು ಸಲ ಒಂದು ಗಂಟೆ ಅಲುಗಾಡದೇ ಕೂರೋ ಅಧಿಷ್ಠಾನ. ಅಲುಗಾಡದೇ ಕೂತ್ರೆ ಚರ್ಮದಿಂದ, ಕೀಲುಗಳಿಂದ ಮೆದುಳಿಗೆ ಹೋಗೋ ಹೊಸ ಸುದ್ದಿ ಕಮ್ಮಿ ಆಗ್ತಾ ಹೋಗುತ್ತೆ, ಕೈ ಎಲ್ಲಿ ಮುಗೀತು ತೊಡೆ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ಈ ಒಂದು ಪದರ ಧರ್ಮ ಯಾವುದಾದ್ರೂ ಆಗುತ್ತೆ, ನಿಮ್ಮ ಅಜ್ಜಿ ಅಂಗೈಯಲ್ಲಿ ಲಿಂಗ ಇಟ್ಕೊಂಡು ಎವೆಯಿಕ್ಕದೆ ನೋಡ್ತಾ ಕೂತಾಗಲೂ ಆಗಬಹುದು. ಇಲ್ಲಿ ಪೆರೆನಿಯಲಿಸಂಗೆ ಸಲ್ಲಬೇಕಾದ ಪಾಲು ಇದೆ.

ಆದ್ರೆ ಅದು "ಸಣ್ಣ ಕಂಪನ" ಅಂತ ಕಂಡಿದ್ದು ಯಾಕೆ? ದಿನಾ ಸಂಜೆ ಪ್ರವಚನದಲ್ಲಿ ಗಟ್ಟಿ ಅನ್ನೋ ದೇಹ ಬರೀ ಕಲಾಪಗಳು, ಅಂದ್ರೆ ಅತಿ ಸಣ್ಣ ಕಣಗಳು, ಹುಟ್ಟಿ ಅಳಿಯೋ ಕಂಪನ, ಅಂತ ಕೇಳಿದ್ರಿ, ಮತ್ತೆ ದಿನಕ್ಕೆ ಹತ್ತು ಗಂಟೆ ಅದನ್ನೇ ಹುಡುಕ್ತಾ ಕೂತಿದ್ರಿ. ಗಮನ ಯಾವ ಕಡೆ ಹೋಗ್ಬೇಕು, ಏನು ಕಂಡ್ರೆ ಬಿಡ್ಬೇಕು ಅಂತ ಅಭ್ಯಾಸವೇ ಹೇಳಿಕೊಟ್ಟಿತ್ತು. ಅಜ್ಜಿಯ ಅಭ್ಯಾಸದಲ್ಲಿ ಹುಡುಕೋದೇ ಬೇರೆ, ಅಲ್ಲಿ ಎದುರಿಗೆ ಒಂದು ಲಿಂಗ ಇದೆ, ಅದು ಗುರು ಕೊಟ್ಟಿದ್ದು, ಅದರ ಜೊತೆ ಪ್ರೀತಿ ಇದೆ, ಒಂದಾಗೋದು ಅಂದ್ರೆ ಅಂಗ ಲಿಂಗ ಸಮರಸ ಆಗೋದು. ನಿಮ್ಮ ಅನುಭವದಲ್ಲಿ ಆ ಪ್ರೀತಿಯ ಎದುರು ಯಾರಾದ್ರೂ ಇದ್ರಾ? ನೀವು ಬರೆದಿದ್ದರಲ್ಲಿ ಇಲ್ಲ. ಹಾಗಾಗಿ ಒಳಗೆ ಹೊರಗೆ ಅನ್ನೋ ಗೆರೆ ಹೋಗಿದ್ದು ಇಬ್ಬರಿಗೂ ಹೊಂದಬಹುದು, ಅದರ ಬಣ್ಣ ಮತ್ತು ಅದು ಎತ್ತ ಮುಖ ಮಾಡಿದೆ ಅನ್ನೋದು ಬೇರೆ ಅಂತ ನನ್ನ ತೀರ್ಮಾನ.

ಹಾಗಂತ ಅಜ್ಜಿ ತಪ್ಪು ಹೇಳಿದ್ರು ಅಂತ ತಿಳ್ಕೋಬೇಡಿ, ಮೊಮ್ಮಗನಿಗಾಗಿದ್ದನ್ನ ತಮ್ಮ ದಾರಿಯಲ್ಲಿ ಇಟ್ಟು ನೋಡಿದ್ರು ಅಷ್ಟೇ. ಆದ್ರೆ ಶರಣರ ಆರು ಮೆಟ್ಟಲಿನ ದಾರಿಯಾದ ಷಟ್‌ಸ್ಥಲದಲ್ಲಿ ಐಕ್ಯ ಬರೋದು ಆರನೇದಾಗಿ, ಅದಕ್ಕೆ ಮುಂಚೆ ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ. ಕಾಯಕ, ದಾಸೋಹ, ಪ್ರಸಾದ ಎಲ್ಲಾ ಅದರೊಳಗೇ ಇದೆ. ಅಲ್ಲಮಪ್ರಭು ಬಯಲು ಅಂದಾಗ ಅದು ಒಂದು ಬೈಠಕ್ಕಿನ ಫಲ ಅಲ್ಲ. ವಿಪಶ್ಯನದವರು ಅನಿತ್ಯ ಅಂದಿದ್ದೂ ಅವರ ಲೆಕ್ಕದಲ್ಲಿ ಸರಿ, ಅವರಲ್ಲಿ ಇದಕ್ಕೆ ಭಂಗ ಅಂತ ಹೆಸರು, ದಾರಿಯಲ್ಲಿ ಬರೋ ಒಂದು ನೆಲೆ, ಅದಕ್ಕೆ ಆಸೆಪಟ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ತೀರಿ ಅಂತಾರೆ.

ಇನ್ನು ನೀವು ಇದನ್ನ ಹೇಗೆ ಇಟ್ಕೋಬಹುದು ಅನ್ನೋದು. ಎಲ್ಲಾ ಒಂದೇ ಅಂತ ಇಟ್ಕೊಂಡ್ರೆ ಮನಸ್ಸಿಗೆ ಹಗುರ ಆಗುತ್ತೆ, ಬೇರೆಯವರ ಮೇಲೆ ಗೌರವಾನೂ ಬರುತ್ತೆ, ಆದ್ರೆ ವಚನ ಓದುವಾಗ ಒಂದೇ ಅನ್ನೋಕೆ ಹೊಂದದ್ದನ್ನೆಲ್ಲ ಹಾರಿಸೋ ಚಟ ಹತ್ತುತ್ತೆ, ಲಿಂಗ, ಜಂಗಮ, ದಾಸೋಹ ಎಲ್ಲಾ ಸಿಪ್ಪೆ ಆಗಿಬಿಡುತ್ತೆ, ಕೊನೆಗೆ ಅಲ್ಲಮನ ಬದಲು ಹಕ್ಸ್‌ಲಿಯನ್ನೇ ಓದಿದ ಹಾಗಾಗುತ್ತೆ. ಎಲ್ಲಾ ಬೇರೆ ಬೇರೆ ಅಂತ ಇಟ್ಕೊಂಡ್ರೆ ಪ್ರತಿ ಮಾತನ್ನ ಅದರ ಜಾಗದಲ್ಲಿ ಕೇಳ್ತೀರಿ, ಆದ್ರೆ ಎಲ್ಲಿ ನಿಲ್ಲಿಸೋದು ಗೊತ್ತಾಗಲ್ಲ, ಯಾಕಂದ್ರೆ ಒಂದೇ ಅನುಭವ ಮಂಟಪದಲ್ಲಿ ಕೂತ ಅಕ್ಕಮಹಾದೇವಿಗೂ ಅಲ್ಲಮನಿಗೂ ದನಿ ಬೇರೆ, ಹಾಗೆ ನೋಡಿದ್ರೆ ನಿಮಗೂ ನಿಮ್ಮ ಅಜ್ಜಿಗೂ ಮಾತೇ ಸಾಧ್ಯ ಇಲ್ಲ ಅನ್ನೋವರೆಗೆ ಹೋಗಬಹುದು. ನಾನು ಇರೋದು ಇದರ ನಡುವೆ: ಎಚ್ಚರ, ಗೆರೆ ಅಳಿಯೋದು, ಕಾಲ ನಿಂತಂಗಾಗೋದು, ಇಂಥ ಕೆಲವು ಸಂಗತಿ ಪರಂಪರೆ ದಾಟಿ ಸಮಾನ ಇವೆ, ಆದ್ರೆ ಅಷ್ಟನ್ನೇ ಅನುಭಾವ ಅನ್ನೋಕಾಗಲ್ಲ. ಈ ನಿಲುವಲ್ಲಿ ಇರೋ ಅಪಾಯ ಏನಂದ್ರೆ "ಸ್ವಲ್ಪ ಒಂದೇ ಸ್ವಲ್ಪ ಬೇರೆ" ಅಂತ ತೇಲಿಸಿಬಿಡೋದು. ಏನು ಒಂದೇ, ಏನು ಬೇರೆ ಅಂತ ಪ್ರತಿ ಸಲ ಬಿಡಿಸಿ ಹೇಳದಿದ್ರೆ ಅದಕ್ಕೆ ಬೆಲೆ ಇಲ್ಲ.

ಬಿಡಿಸಿ ಹೇಳೋಕೆ ನೀವೇ ಮಾಡಬಹುದಾದ್ದು ಇದೆ. ಶಿಬಿರದಲ್ಲಿ ಬರೆಯೋಕೆ ಬಿಡಲ್ಲ, ಆದ್ರೆ ಮನೇಲಿ ಕೂತಾಗ ಎದ್ದ ತಕ್ಷಣ, ಯಾರ ಜೊತೆನೂ ಮಾತಾಡೋ ಮುಂಚೆ, ಏನನ್ನೂ ಓದೋ ಮುಂಚೆ, ಕಂಪನ, ಬಯಲು, ಶೂನ್ಯ ಅನ್ನೋ ಪದಗಳನ್ನ ಬಳಸದೇ ನಾಲ್ಕು ಸಾಲು ಬರೀರಿ. ಎಲ್ಲಿ ಸುರುವಾಯ್ತು, ಶಬ್ದ ಕೇಳಿಸ್ತಿತ್ತಾ, ಭಯ ಇತ್ತಾ ಖುಷಿ ಇತ್ತಾ, ಯಾವುದರಿಂದ ಮುರೀತು. ಇದೂ ಪೂರ್ತಿ ಶುದ್ಧ ವರದಿ ಅಲ್ಲ, ಆದ್ರೂ ಒಂದು ವಾರ ಬಿಟ್ಟು ಹೇಳೋ ಕಥೆಗಿಂತ ಹತ್ತಿರದ್ದು. ಅಜ್ಜಿ ಹತ್ರ ಕೇಳುವಾಗಲೂ "ನಿಮಗೂ ಮೈ ಕರಗಿದಂಗ ಆಗ್ತದೇನು" ಅಂತ ಉತ್ತರ ಬಾಯಿಗಿಟ್ಟು ಕೇಳಬೇಡಿ, ಹೌದು ಅಂದೇ ಅಂತಾರೆ. ಪೂಜೆಗೆ ಕೂತಾಗ ಮೊದಲು ಏನಾಗ್ತದ, ಆಮ್ಯಾಲೆ ಏನಾಗ್ತದ, ಎದ್ದಮ್ಯಾಲೆ ಇಡೀ ದಿನ ಹ್ಯಾಂಗಿರ್ತದ ಅಂತ ಕೇಳಿ ಸುಮ್ಮನಿರಿ, ಅವರು ಯಾವ ಪದದಿಂದ ಶುರು ಮಾಡ್ತಾರೆ ಅನ್ನೋದರಲ್ಲೇ ತುಂಬಾ ಇರುತ್ತೆ.

ಇನ್ನೊಂದು ಎಚ್ಚರಿಕೆ. 2017ರಲ್ಲಿ ಜೇರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತಿತರರು ಬೌದ್ಧ ಧ್ಯಾನ ಮಾಡೋ ಪಾಶ್ಚಾತ್ಯರನ್ನ ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ, "ನಾನು" ಅನ್ನೋ ಗೆರೆ ಅಳಿದಿದ್ದು ಕೆಲವರಿಗೆ ಆನಂದ, ಕೆಲವರಿಗೆ ದಿಗಿಲು ಆಗಿತ್ತು. ನಿಮಗೆ ಶಿಬಿರ ಮುಗಿದ ಮೇಲೂ ತಾನೇ ತಾನಲ್ಲ ಅನ್ನಿಸೋದು, ವಾರಗಟ್ಟಲೆ ನಿದ್ದೆ ಹೋಗೋದು, ಭಯ ಇವೇನಾದ್ರೂ ಉಳಿದಿದ್ರೆ ಅದನ್ನ ಭಂಗ ಅಂತಾನೋ ಬಯಲು ಅಂತಾನೋ ಕರೆದು ಸುಮ್ಮನಿರಬೇಡಿ, ಧ್ಯಾನ ನಿಲ್ಲಿಸಿ ಮನೋವೈದ್ಯರನ್ನ ನೋಡಿ. ಮನೇಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇದ್ದಿದ್ರೆ ಮತ್ತೆ ಹೋಗೋಕೆ ಮುಂಚೆನೇ ಅದನ್ನ ಅರ್ಜಿಯಲ್ಲಿ ಮುಚ್ಚಿಡದೆ ಬರೀರಿ.

ಹಾಗೇನೂ ಇಲ್ಲ ಅಂದ್ರೆ ಮತ್ತೆ ಹೋಗೋದಕ್ಕೆ ನನ್ನ ಅಡ್ಡಿ ಇಲ್ಲ, ಒಂದು ವಿಷಯ ಮಾತ್ರ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ಆ ಹತ್ತು ದಿನ ಬೇರೆ ಪೂಜೆ, ಮಂತ್ರ, ಜಪ ಎಲ್ಲಾ ನಿಲ್ಲಿಸಿ ಅಂತ ಅವರ ನಿಯಮ, ನಿಮ್ಮ ಮನೆ ಪದ್ಧತಿಯಲ್ಲಿ ಲಿಂಗ ಮೈಮೇಲಿಂದ ತೆಗೆಯೋ ಹಾಗಿಲ್ಲ, ಪೂಜೆ ತಪ್ಪಿಸೋ ಹಾಗಿಲ್ಲ. ಎರಡೂ ನಿಜಕ್ಕೂ ಒಂದೇ ಆಗಿದ್ರೆ ಈ ಎರಡು ನಿಯಮ ಹೀಗೆ ಎದುರುಬದುರು ನಿಲ್ತಿರಲಿಲ್ಲ. ಹೋಗೋ ಮುಂಚೆ ಅಜ್ಜಿ ಹತ್ರ, ಮತ್ತೆ ನಿಮ್ಮ ಗುರುಗಳಿದ್ರೆ ಅವರ ಹತ್ರಾನೂ ಇದನ್ನ ಬಾಯಿಬಿಟ್ಟು ಮಾತಾಡಿ, ಶಿಬಿರದವರಿಗೂ ಅರ್ಜಿ ಹಾಕುವಾಗಲೇ ಕೇಳಿ. ಹತ್ತು ದಿನ ಪೂಜೆ ಬಿಡೋಕೆ ಅಜ್ಜಿ ಒಪ್ಪಲ್ಲ, ನಿಮಗೂ ಮನಸ್ಸು ಬರಲ್ಲ ಅಂದ್ರೆ ಮನೇಲೇ ಉಳಿದು ಅವರು ಕೂರೋ ಹಾಗೆ ಮೂರು ತಿಂಗಳು ಅವರ ಪಕ್ಕ ಕೂತು ನೋಡಿ, ಬರೆದಿಟ್ಕೊಳ್ಳಿ, ಆಮೇಲೆ ಶಿಬಿರದ್ದರ ಜೊತೆ ಹೋಲಿಸಿ.